ಬ್ಯಾಟು ಉತ್ತರಿಸಬಲ್ಲ ಮಾತು, ಉತ್ತರಿಸಲಾರದ ಮಾತು

ಕನ್ನಡದಲ್ಲಿ ಎದುರಾಳಿಯನ್ನು ಮಾತಿನಿಂದ ಚುಚ್ಚುವುದಕ್ಕೆ ಒಂದೇ ಪದವಿಲ್ಲ. ಕೆಣಕುವುದು, ಛೇಡಿಸುವುದು, ಹಂಗಿಸುವುದು, ಮೂದಲಿಸುವುದು, ಹೀಯಾಳಿಸುವುದು, ನಿಂದಿಸುವುದು ಎಂದು ನಮ್ಮ ಹಿರಿಯರು ಮೆಟ್ಟಿಲು ಮೆಟ್ಟಿಲಾಗಿ ಪದಗಳನ್ನು ಇಟ್ಟುಹೋಗಿದ್ದಾರೆ. ಕ್ರಿಕೆಟ್ಟಿನ ಇಂಗ್ಲಿಷ್ ಇವೆಲ್ಲವನ್ನೂ ‘ಸ್ಲೆಡ್ಜಿಂಗ್’ ಎಂಬ ಒಂದೇ ಚೀಲದಲ್ಲಿ ತುಂಬಿಬಿಟ್ಟಿದೆ. ಆ ಚೀಲವನ್ನು ಬಿಚ್ಚಿ, ಒಳಗಿನ ಕಾಳು ಜೊಳ್ಳುಗಳನ್ನು ಬೇರೆಮಾಡಿ ನೋಡಬೇಕೆಂಬುದು ಈ ಬರಹದ ಉದ್ದೇಶ. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಇದಕ್ಕೆ ಹತ್ತಿರದ ಉದಾಹರಣೆಯೂ ಇದೆ. ಈ ನಗರದ ಒಬ್ಬ ವೇಗದ ಬೌಲರ್, ಮೊಹಮ್ಮದ್ ಸಿರಾಜ್, ಕೆಲವೇ ವರ್ಷಗಳಲ್ಲಿ ಈ ಮೆಟ್ಟಿಲುಗಳ ಎರಡು ತುದಿಗಳನ್ನೂ ಕಂಡವರು. ಮೂದಲಿಸಿದವರೂ ಅವರೇ, ನಿಂದನೆಯನ್ನು ಉಂಡವರೂ ಅವರೇ.

ಮೂದಲಿಕೆ ನಮಗೆ ಪರಕೀಯವಲ್ಲ. ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ವೈಶಂಪಾಯನ ಸರೋವರದ ದಂಡೆ ನೆನಪಿರುತ್ತದೆ. ದುರ್ಯೋಧನ ನೀರಿನೊಳಗೆ ಅಡಗಿದ್ದಾನೆ. ಅವನನ್ನು ಹೊರಗೆ ತರಲು ಭೀಮನ ಕೈಯಲ್ಲಿರುವ ಗದೆಯಿಂದ ಸಾಧ್ಯವಿಲ್ಲ, ಮಾತಿನಿಂದಲೇ ಆಗಬೇಕು. ಭೀಮ ದಂಡೆಯ ಮೇಲೆ ನಿಂತು ಅವನ ಶೌರ್ಯವನ್ನು ಪ್ರಶ್ನಿಸುತ್ತಾನೆ, ಅವನ ಅಭಿಮಾನವನ್ನು ಕೆರಳಿಸುತ್ತಾನೆ. ತಣ್ಣೀರಿನಲ್ಲಿ ಮುಳುಗಿದ್ದವನಿಗೂ ಮೈ ಬಿಸಿಯೇರುತ್ತದೆ, ಅವನು ಎದ್ದು ಬರುತ್ತಾನೆ. ಕವಿ ಇದನ್ನು ತಪ್ಪೆಂದು ತೋರಿಸುವುದಿಲ್ಲ, ವೀರರ ನಡುವಿನ ವ್ಯವಹಾರವೆಂದೇ ಕಾಣಿಸುತ್ತಾನೆ. ಏಕೆಂದರೆ ದುರ್ಯೋಧನನ ಕೈಯಲ್ಲೂ ಗದೆಯಿದೆ. ಆ ಮಾತಿಗೆ ಅವನು ಉತ್ತರ ಕೊಡಬಲ್ಲ. ಈ ಕೊನೆಯ ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಕ್ರಿಕೆಟ್ಟಿನಲ್ಲಿ ಮಾತಿಗೆ ಇಷ್ಟೊಂದು ಜಾಗ ಹೇಗೆ ದೊರೆಯಿತು ಎಂಬುದನ್ನು ಮೊದಲು ನೋಡೋಣ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತವು ಬೌಲರ್‌ನ ಕೈಬಿಟ್ಟು ಬ್ಯಾಟನ್ನು ತಲುಪಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನಲ್ಲಿ ಯಾರೂ ಯಾರನ್ನೂ ಮಾತಿನಿಂದ ಅಲುಗಾಡಿಸಲಾರರು. ಆದರೆ ಒಂದು ಎಸೆತಕ್ಕೂ ಮತ್ತೊಂದಕ್ಕೂ ನಡುವೆ, ಬೌಲರ್ ತನ್ನ ಗುರುತಿಗೆ ಹಿಂದಿರುಗಿ ನಡೆಯುವಾಗ, ಅರ್ಧ ನಿಮಿಷದಷ್ಟು ಬಿಡುವು ದೊರೆಯುತ್ತದೆ. ಬ್ಯಾಟ್ಸ್‌ಮನ್‌ಗೆ ಅದು ತನ್ನ ಮನಸ್ಸನ್ನು ತೊಳೆದುಕೊಳ್ಳುವ ಹೊತ್ತು. ಅವನು ಕ್ರೀಸ್‌ನಿಂದ ಎರಡು ಹೆಜ್ಜೆ ಆಚೆ ಸರಿಯುತ್ತಾನೆ, ಕೈಗವಸಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ, ಪಿಚ್ಚನ್ನು ಬ್ಯಾಟಿನಿಂದ ತಟ್ಟುತ್ತಾನೆ. ಇವೆಲ್ಲ ಚಟಗಳೆಂದು ನಮಗೆ ಕಾಣುತ್ತವೆ. ವಾಸ್ತವದಲ್ಲಿ ಹಿಂದಿನ ಎಸೆತವನ್ನು ಮರೆತು ಮುಂದಿನದಕ್ಕೆ ಸಿದ್ಧನಾಗುವ ಉಪಾಯಗಳು. ಸ್ಲೆಡ್ಜಿಂಗ್ ಮಾಡುವವನು ಕನ್ನ ಹಾಕುವುದು ಈ ಬಿಡುವಿಗೆ.

ಆಟದ ನಿಯಮಗಳೂ ಮಾತನ್ನು ಈ ಬಿಡುವಿಗೇ ಸೀಮಿತಗೊಳಿಸಿವೆ. ಬ್ಯಾಟ್ಸ್‌ಮನ್ ಎಸೆತಕ್ಕೆ ಸಿದ್ಧನಾಗುತ್ತಿರುವಾಗ ಅಥವಾ ಎಸೆತವನ್ನು ಎದುರಿಸುತ್ತಿರುವಾಗ ಫೀಲ್ಡರ್ ಉದ್ದೇಶಪೂರ್ವಕವಾಗಿ ಅವನ ಗಮನ ಕದಲಿಸಿದರೆ, 41ನೆಯ ನಿಯಮದಂತೆ ಅಂಪೈರ್ ಚೆಂಡನ್ನು ‘ಡೆಡ್’ ಎಂದು ಘೋಷಿಸಿ, ಬ್ಯಾಟಿಂಗ್ ತಂಡಕ್ಕೆ ಐದು ರನ್ ದಂಡವಾಗಿ ಕೊಡಬಹುದು. ಆ ಎಸೆತದಲ್ಲಿ ಔಟ್ ಆಗುವ ಪ್ರಶ್ನೆಯೇ ಇಲ್ಲ. ಹೀಗಾಗಿ ಜಾಣ ಫೀಲ್ಡರ್ ಬೌಲರ್ ಓಟ ಆರಂಭಿಸುವ ಮೊದಲೇ ತನ್ನ ಮಾತನ್ನು ಮುಗಿಸಿರುತ್ತಾನೆ. ಆ ಮಾತಿನ ಉದ್ದೇಶ ಕಣ್ಣಿಗೆ ಮಂಕು ಕವಿಸುವುದಲ್ಲ. ಬ್ಯಾಟ್ಸ್‌ಮನ್ ತಾನು ಹಾಕಿಕೊಂಡ ಲೆಕ್ಕವನ್ನು ತಾನೇ ಬದಲಿಸುವಂತೆ ಮಾಡುವುದು ಅದರ ಉದ್ದೇಶ. ಬಿಡಬೇಕಾದ ಚೆಂಡನ್ನು ಸಿಟ್ಟಿನಿಂದ ಹೊಡೆಯಬೇಕು, ಅಥವಾ ಹೊಡೆಯಬಹುದಾದ ಚೆಂಡನ್ನು ಅನುಮಾನದಿಂದ ತಡೆಯಬೇಕು. ಎರಡರಲ್ಲಿ ಯಾವುದಾದರೂ ಸರಿ.

2022ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಚಟ್ಟೋಗ್ರಾಮದಲ್ಲಿ ನಡೆದ ಟೆಸ್ಟ್ ಇದಕ್ಕೆ ಒಳ್ಳೆಯ ನಿದರ್ಶನ. ಸಿರಾಜ್ ಬಾಂಗ್ಲಾದೇಶದ ಇನಿಂಗ್ಸಿನ ಮೊದಲ ಎಸೆತದಲ್ಲೇ ವಿಕೆಟ್ ಪಡೆದಿದ್ದರು. ಆಮೇಲೆ ಬಂದ ಲಿಟನ್ ದಾಸ್ ಹೆದರದೆ ಬ್ಯಾಟ್ ಬೀಸಿ, ಮೂವತ್ತರಷ್ಟು ಎಸೆತಗಳಲ್ಲಿ 24 ರನ್ ಮಾಡಿದ್ದರು. ಒಂದು ಎಸೆತದ ನಂತರ ಸಿರಾಜ್ ಅವರತ್ತ ನಡೆದು ಏನನ್ನೋ ಹೇಳಿದರು. ಲಿಟನ್ ಕಿವಿಗೆ ಕೈಯಾನಿಸಿ ‘ಏನು, ಕೇಳಿಸಲಿಲ್ಲ’ ಎಂಬಂತೆ ಮುಂದೆ ಬಂದರು. ಅಂಪೈರ್ ನಡುವೆ ಬಂದು ಇಬ್ಬರನ್ನೂ ಕಳಿಸಿದರು. ಮರು ಎಸೆತವೇ ಬ್ಯಾಟಿನ ಒಳ ಅಂಚಿಗೆ ತಾಗಿ ಸ್ಟಂಪ್‌ಗೆ ಬಡಿಯಿತು. ಏನು ಹೇಳಿದಿರಿ ಎಂದು ಸಂಜೆ ಪತ್ರಕರ್ತರು ಕೇಳಿದಾಗ, ಇದು ಟಿ20 ಅಲ್ಲ, ಟೆಸ್ಟ್ ಪಂದ್ಯ, ವಿವೇಚನೆಯಿಂದ ಆಡು ಎಂದಷ್ಟೇ ಹೇಳಿದೆ ಎಂದರು ಸಿರಾಜ್.

ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದರಲ್ಲಿ ಬೈಗುಳವಿಲ್ಲ, ಮೇಲ್ನೋಟಕ್ಕೆ ಹಿತೋಪದೇಶ. ಆದರೆ ಅದು ಬ್ಯಾಟ್ಸ್‌ಮನ್ ತನ್ನೊಳಗೇ ಕೇಳಿಕೊಳ್ಳುತ್ತಿರಬಹುದಾದ ಪ್ರಶ್ನೆಯನ್ನು ಹೊರಗಿನಿಂದ ಕೇಳುತ್ತದೆ. ನಾನು ಆಡುತ್ತಿರುವ ಆಟ ಇಲ್ಲಿಗೆ ಸರಿಯೇ? ಇನ್ನೊಂದು ಬೌಂಡರಿ ಹೊಡೆದು ಉತ್ತರಿಸಲೇ, ಅಥವಾ ಸಾವಧಾನವಾಗಿ ಆಡಿ ತೋರಿಸಲೇ? ಎರಡು ಮನಸ್ಸು ಮಾಡಿಕೊಂಡವನ ಪಾದ ಅರ್ಧಕ್ಕೇ ನಿಲ್ಲುತ್ತದೆ. ಹಾಗೆಂದು ವಿಕೆಟ್ಟನ್ನು ಮಾತಿನ ಲೆಕ್ಕಕ್ಕೆ ಬರೆಯುವುದೂ ತಪ್ಪಾದೀತು. ಚೆಂಡು ಸರಿಯಾದ ಜಾಗಕ್ಕೆ ಬೀಳದಿದ್ದರೆ ಎಷ್ಟು ಚಂದದ ಮಾತಾಡಿದರೂ ಬೌಂಡರಿಯೇ ಗತಿ. ಅದೇ ಎಸೆತವನ್ನು ಲಿಟನ್ ಕವರ್ಸ್ ಕಡೆಗೆ ಬಾರಿಸಿದ್ದರೆ ಕಿವಿಗೆ ಕೈಯಾನಿಸಿದ ಅವರ ಭಂಗಿಯೇ ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಮಾತು ಆಟದ ಬಗ್ಗೆ ಇತ್ತು, ಉತ್ತರವನ್ನು ಆಟದಲ್ಲಿಯೇ ಕೊಡುವ ಅವಕಾಶವಿತ್ತು. ಇಂಥದನ್ನು ನಾವು ಮೂದಲಿಕೆ ಎನ್ನುತ್ತೇವೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ.

ಮೂದಲಿಕೆ ಮೂದಲಿಸಿದವನಿಗೇ ತಿರುಗಬಹುದು ಎನ್ನುವುದಕ್ಕೆ ಕನ್ನಡಿಗರು ಬೇರೆಡೆ ಹುಡುಕಬೇಕಾಗಿಲ್ಲ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನ 288ರ ಗುರಿಯ ಬೆನ್ನುಹತ್ತಿ, ಒಂದೇ ವಿಕೆಟ್ ಕಳೆದುಕೊಂಡು ನೂರು ದಾಟಿತ್ತು. ನಾಯಕ ಆಮಿರ್ ಸೊಹೈಲ್ ಅರ್ಧಶತಕ ಮುಗಿಸಿದ್ದರು. ವೆಂಕಟೇಶ ಪ್ರಸಾದ್ ಅವರ ಎಸೆತವೊಂದನ್ನು ಬೌಂಡರಿಗೆ ಅಟ್ಟಿದ ಸೊಹೈಲ್, ಚೆಂಡು ಹೋದ ದಿಕ್ಕಿಗೆ ಬ್ಯಾಟ್ ಚಾಚಿ, ಮುಂದಿನದೂ ಅಲ್ಲಿಗೇ ಎಂಬಂತೆ ತೋರಿಸಿದರು. ಇಲ್ಲಿ ಮೂದಲಿಸಿದವರು ಬ್ಯಾಟ್ಸ್‌ಮನ್. ಆದರೆ ಹಾಗೆ ತೋರಿಸಿದ ಕ್ಷಣದಿಂದ ಅವರು ತಮ್ಮ ಮಾತಿಗೇ ಸೆರೆಯಾದರು. ಮುಂದಿನ ಎಸೆತ ಹೇಗೇ ಬರಲಿ, ಅಲ್ಲಿಗೇ ಹೊಡೆಯಬೇಕು. ಪ್ರಸಾದ್ ಸ್ಟಂಪ್‌ಗೇ ಗುರಿಯಿಟ್ಟರು, ಸೊಹೈಲ್ ಬೀಸಿದರು, ಆಫ್ ಸ್ಟಂಪ್ ಹಾರಿತು. ಭಾರತ 39 ರನ್ನುಗಳಿಂದ ಗೆದ್ದಿತು.

ಈ ಕಥೆಗೆ ಬಾಲವೂ ಇದೆ. ವಿಕೆಟ್ ಉರುಳಿದ ಮೇಲೆ ಪ್ರಸಾದ್ ಪೆವಿಲಿಯನ್ ಕಡೆಗೆ ಕೈ ತೋರಿಸಿ ಒಂದಿಷ್ಟು ಮಾತನ್ನೂ ಆಡಿದರು. ನಾವೆಲ್ಲ ಅದನ್ನು ಕುಣಿದು ಸಂಭ್ರಮಿಸಿದವರೇ. ಆ ದೃಶ್ಯವನ್ನು ಇಂದಿಗೂ ನಮ್ಮ ಮಕ್ಕಳಿಗೆ ತೋರಿಸುತ್ತೇವೆ. ಎಸೆತ ಉತ್ತರವಾಗಿತ್ತು, ಅದು ಸಾಕಾಗಿತ್ತು. ಆಮೇಲಿನ ಕೈಸನ್ನೆ ಹೆಚ್ಚುವರಿ. ಹೆಚ್ಚುವರಿಯನ್ನೇ ನಾವು ಹೆಚ್ಚು ಪ್ರೀತಿಸಿದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಮುಂದಿನ ಮಾತುಗಳನ್ನು ಆಡುವ ಅಧಿಕಾರ ನಮಗಿರುವುದಿಲ್ಲ.

ಏಕೆಂದರೆ ಮುಂದಿನ ಮಾತು ಆ ಕೈಸನ್ನೆಯ ಬಗ್ಗೆಯೇ. 2024ರ ಡಿಸೆಂಬರ್‌ನಲ್ಲಿ ಅಡಿಲೇಡಿನ ಗುಲಾಬಿ ಚೆಂಡಿನ ಟೆಸ್ಟ್. ತನ್ನ ಊರಿನ ಜನರೆದುರು ಟ್ರಾವಿಸ್ ಹೆಡ್ 141 ಎಸೆತಗಳಲ್ಲಿ 140 ರನ್ ಬಾರಿಸಿದ್ದರು. ಸಿರಾಜ್ ಅವರ ಎಸೆತವೊಂದನ್ನು ಸಿಕ್ಸರ್‌ಗೆ ಎತ್ತಿದ ಮೇಲೆ ಅವರಿಂದಲೇ ಬೌಲ್ಡ್ ಆದರು. ಸಿರಾಜ್ ಡ್ರೆಸ್ಸಿಂಗ್ ಕೋಣೆಯ ಕಡೆಗೆ ಕೈಬೀಸಿ ‘ನಡೆ’ ಎಂದು ತೋರಿಸಿದರು. ಹೆಡ್ ತಿರುಗಿ ಮಾತಾಡಿದರು. ಕ್ರೀಡಾಂಗಣವೆಲ್ಲ ಸಿರಾಜ್ ಅವರನ್ನು ಹುಯಿಲಿಟ್ಟಿತು. ತಾನು ‘ಚೆನ್ನಾಗಿ ಎಸೆದೆ’ ಎಂದೆನೆಂದು ಹೆಡ್ ಹೇಳಿದರೆ, ಅದು ನಿಜವಲ್ಲವೆಂದು ಸಿರಾಜ್ ಹೇಳಿದರು. ಪಂದ್ಯ ರೆಫರಿ ರಂಜನ್ ಮದುಗಲೆ ಇಬ್ಬರಿಗೂ ತಲಾ ಒಂದು ಡಿಮೆರಿಟ್ ಅಂಕ ಕೊಟ್ಟರು; ಸಿರಾಜ್ ಅವರಿಗೆ ಪಂದ್ಯದ ಸಂಭಾವನೆಯ ಶೇಕಡಾ 20ರಷ್ಟು ದಂಡವನ್ನೂ ವಿಧಿಸಿದರು. ಹೈದರಾಬಾದಿನವರಿಗೆ ಈ ಪ್ರಸಂಗ ಇನ್ನೊಂದು ರೀತಿಯಲ್ಲಿಯೂ ಇರಿಸುಮುರಿಸಿನದಾಗಿತ್ತು. ಆ ವರ್ಷದ ಐಪಿಎಲ್‌ನಲ್ಲಿ ಹೆಡ್ ಸನ್‌ರೈಸರ್ಸ್ ಹೈದರಾಬಾದಿನ ಕಣ್ಮಣಿ, ನಮ್ಮೂರಿನ ಸಿರಾಜ್ ಬೆಂಗಳೂರು ತಂಡದ ಬೌಲರ್. ಯಾರ ಪರ ನಿಲ್ಲಬೇಕು ಎಂದು ಹೈದರಾಬಾದಿನ ಕನ್ನಡಿಗನನ್ನು ಕೇಳಿದ್ದರೆ ಅವನು ತಲೆ ಕೆರೆದುಕೊಳ್ಳುತ್ತಿದ್ದ.

ಸಿರಾಜ್ ಅವರ ಮೇಲೆ ಹೊರಿಸಿದ್ದು ಐಸಿಸಿ ನೀತಿಸಂಹಿತೆಯ 2.5ನೆಯ ವಿಧಿಯ ಉಲ್ಲಂಘನೆ. ಔಟಾದ ಬ್ಯಾಟ್ಸ್‌ಮನ್‌ನನ್ನು ಹೀಗಳೆಯುವ ಅಥವಾ ಅವನನ್ನು ಕೆರಳಿಸಬಲ್ಲ ಮಾತು, ವರ್ತನೆ, ಸನ್ನೆಗಳಿಗೆ ಸಂಬಂಧಿಸಿದ ವಿಧಿ ಅದು. ಔಟಾಗುವ ಮೊದಲಿನ ಮಾತನ್ನು ಬಹುಮಟ್ಟಿಗೆ ಸಹಿಸಿಕೊಳ್ಳುವ ಸಂಹಿತೆಯು ಔಟಾದ ನಂತರದ ಸನ್ನೆಗೆ ಮಾತ್ರ ಪ್ರತ್ಯೇಕ ವಿಧಿಯನ್ನು ಇಟ್ಟಿರುವುದೇಕೆ? ಮೇಲುನೋಟಕ್ಕೆ ಕೈಬೀಸುವುದು ಬೈಗುಳಕ್ಕಿಂತ ಸಣ್ಣ ತಪ್ಪು. ಆದರೆ ಔಟಾದ ಕ್ಷಣದಲ್ಲಿ ಬ್ಯಾಟ್ಸ್‌ಮನ್‌ನ ಕೈಯಿಂದ ಉತ್ತರಿಸುವ ಉಪಕರಣವನ್ನು ಆಟವೇ ಕಿತ್ತುಕೊಂಡಿರುತ್ತದೆ. ಅವನಿಗೆ ಉಳಿದಿರುವುದು ಬಾಯಿ ಮತ್ತು ಕೈ. ಆಮೇಲೆ ನಡೆಯುವುದೆಲ್ಲ ಕ್ರಿಕೆಟ್ಟಿನ ಹೊರಗೆ ನಡೆಯುತ್ತದೆ. ಸ್ಲೆಡ್ಜಿಂಗ್‌ನ ಪರವಾಗಿ ಸಾಮಾನ್ಯವಾಗಿ ಹೇಳುವ ‘ಅದು ಬ್ಯಾಟ್ಸ್‌ಮನ್‌ನ ಮನೋಬಲದ ಪರೀಕ್ಷೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕೊಟ್ಟಾಗಿದೆ.

ದಂಡ ಪಾಠ ಕಲಿಸಿತೇ? ಹಾಗೆನ್ನಲಾರೆವು. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಬೆನ್ ಡಕೆಟ್ ಅವರನ್ನು ಔಟ್ ಮಾಡಿದ ಸಿರಾಜ್, ಅವರ ಮುಖದ ಸಮೀಪಕ್ಕೇ ಹೋಗಿ ಕೂಗಿ, ಅದೇ ವಿಧಿಯಡಿ ಶೇಕಡಾ 15ರ ದಂಡವನ್ನೂ ಎರಡನೆಯ ಡಿಮೆರಿಟ್ ಅಂಕವನ್ನೂ ಪಡೆದರು. 24 ತಿಂಗಳೊಳಗೆ ಇಂಥ ನಾಲ್ಕು ಅಂಕಗಳಾದರೆ ಪಂದ್ಯದಿಂದ ನಿಷೇಧ. ಕೆಲವೇ ವಾರಗಳ ನಂತರ ಓವಲ್‌ನಲ್ಲಿ, ಕೊನೆಯ ದಿನದ ಬೆಳಿಗ್ಗೆ ಭಾರತವನ್ನು ಆರು ರನ್ನುಗಳಿಂದ ಗೆಲ್ಲಿಸಿದವರೂ ಅವರೇ. ಅಂಥ ಬೌಲರ್ ಇನ್ನೆರಡು ಕೈಸನ್ನೆಗಳ ಬೆಲೆಗೆ ಒಂದು ಪಂದ್ಯ ಹೊರಗುಳಿಯಬೇಕಾದೀತೆಂದರೆ ತಂಡಕ್ಕೆ ಅದಕ್ಕಿಂತ ದುಬಾರಿಯ ವ್ಯಾಪಾರ ಬೇರಿಲ್ಲ.

ಈಗ ಗೆರೆಯ ಆಚೆ ಹೋಗೋಣ. 2021ರ ಜನವರಿ, ಸಿಡ್ನಿ. ಸಿರಾಜ್ ಅವರಿಗೆ ಅದು ಎರಡನೆಯ ಟೆಸ್ಟ್ ಮಾತ್ರ. ಆಟೋ ಓಡಿಸಿ ಮಗನನ್ನು ಬೆಳೆಸಿದ್ದ ತಂದೆ ಮೊಹಮ್ಮದ್ ಗೌಸ್ ಹಿಂದಿನ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡಿದ್ದರು. ಮಗ ಅಂತ್ಯಕ್ರಿಯೆಗೂ ಬರದೆ ಆಸ್ಟ್ರೇಲಿಯಾದಲ್ಲಿಯೇ ಉಳಿದಿದ್ದರು. ಪಂದ್ಯದ ಮೂರನೆಯ ದಿನ ಬೌಂಡರಿಯ ಬಳಿ ಫೀಲ್ಡಿಂಗ್ ಮಾಡುತ್ತಿದ್ದ ಅವರ ಮೇಲೂ ಜಸ್‌ಪ್ರೀತ್ ಬೂಮ್ರಾ ಅವರ ಮೇಲೂ ಪ್ರೇಕ್ಷಕರ ಗುಂಪಿನಿಂದ ಜನಾಂಗೀಯ ನಿಂದನೆ ಬಂದಿತೆಂದು ಭಾರತ ತಂಡ ದೂರು ಕೊಟ್ಟಿತು. ನಾಲ್ಕನೆಯ ದಿನ ಮತ್ತೆ ಅದೇ ಆಯಿತು. ಆಗ ಸಿರಾಜ್ ಮಾಡಿದ್ದನ್ನು ಗಮನಿಸಬೇಕು. ಅವರು ಗುಂಪಿನತ್ತ ತಿರುಗಿ ಬೈಯಲಿಲ್ಲ. ನಡೆದು ಬಂದು ನಾಯಕ ಅಜಿಂಕ್ಯ ರಹಾನೆ ಅವರಿಗೆ ಹೇಳಿದರು. ರಹಾನೆ ಅಂಪೈರ್‌ಗಳಾದ ಪಾಲ್ ರೈಫಲ್ ಮತ್ತು ಪಾಲ್ ವಿಲ್ಸನ್ ಅವರಿಗೆ ತಿಳಿಸಿದರು. ಹಲವು ನಿಮಿಷ ಆಟ ನಿಂತಿತು. ಪೊಲೀಸರು ಆರು ಮಂದಿಯನ್ನು ಆ ಸ್ಟ್ಯಾಂಡಿನಿಂದ ಹೊರಗೆ ಕರೆದೊಯ್ದರು. ಬೇಕಿದ್ದರೆ ಮೈದಾನ ಬಿಟ್ಟು ಹೋಗಬಹುದೆಂದು ಅಂಪೈರ್‌ಗಳು ಹೇಳಿದರೆಂದೂ, ತಪ್ಪು ಮಾಡಿದವರು ನಾವಲ್ಲ, ನಾವು ಆಡುತ್ತೇವೆ ಎಂದು ರಹಾನೆ ಉತ್ತರಿಸಿದರೆಂದೂ ಸಿರಾಜ್ ಊರಿಗೆ ಮರಳಿದ ಮೇಲೆ ತಿಳಿಸಿದರು.

ತನಿಖೆಯ ನಂತರ ಕ್ರಿಕೆಟ್ ಆಸ್ಟ್ರೇಲಿಯಾ ಎರಡು ಸಂಗತಿಗಳನ್ನು ಹೇಳಿತು. ಭಾರತದ ಆಟಗಾರರ ಮೇಲೆ ಜನಾಂಗೀಯ ನಿಂದನೆ ನಡೆದದ್ದು ನಿಜ. ಆದರೆ ಹೊರಗೆ ಕಳಿಸಿದ ಆ ಆರು ಮಂದಿ ಅದನ್ನು ಮಾಡಿದವರಲ್ಲ. ನಿಂದನೆಯ ಸ್ವರೂಪವೇ ಇದರಲ್ಲಿ ಕಾಣುತ್ತದೆ. ಮೂದಲಿಸುವವನು ಎದುರು ನಿಂತಿರುತ್ತಾನೆ, ಮುಂದಿನ ಎಸೆತದಲ್ಲಿ ಅವನಿಗೂ ಸೋಲುವ ಅಪಾಯವಿದೆ. ನಿಂದಿಸುವವನು ಗುಂಪಿನೊಳಗೆ ಕರಗಿರುತ್ತಾನೆ. ಅವನ ಪಾಲಿಗೆ ಕಳೆದುಕೊಳ್ಳುವುದೇನೂ ಇಲ್ಲ. ಚರ್ಮದ ಬಣ್ಣಕ್ಕೆ ಬಂದ ಮಾತಿಗೆ ಐದು ವಿಕೆಟ್ ಪಡೆದರೂ ಉತ್ತರ ಕೊಟ್ಟಂತಾಗುವುದಿಲ್ಲ. ಬ್ರಿಸ್ಬೇನಿನ ಮುಂದಿನ ಪಂದ್ಯದಲ್ಲಿ ಸಿರಾಜ್ 73 ರನ್ನಿಗೆ ಐದು ವಿಕೆಟ್ ಪಡೆದರು, ಭಾರತ ಸರಣಿಯನ್ನೂ ಗೆದ್ದಿತು. ಅವರು ನಿಂದಕರಿಗೆ ಚೆಂಡಿನಿಂದಲೇ ಉತ್ತರಿಸಿದರೆಂದು ಎಲ್ಲರೂ ಬರೆದರು. ಆ ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ. ಒಂದು ವೇಳೆ ಅವರಿಗೆ ವಿಕೆಟ್ಟೇ ಸಿಗದಿದ್ದರೆ ನಿಂದನೆ ಸರಿಯಾಗಿಬಿಡುತ್ತಿತ್ತೇ? ಅದಕ್ಕೆ ಸರಿಯಾದ ಉತ್ತರ ದೊರೆತದ್ದು ಆಟ ನಿಂತ ಆ ಹಲವು ನಿಮಿಷಗಳಲ್ಲಿ.

ದೂರದ ಸಿಡ್ನಿಯನ್ನು ಮಾತ್ರ ದೂರಿ ಕೂರುವಂತೆಯೂ ಇಲ್ಲ. 2019ರ ಐಪಿಎಲ್‌ನಲ್ಲಿ ಸಿರಾಜ್ ಎಡವಿದಾಗ, ಹೋಗಿ ನಿನ್ನ ಅಪ್ಪನ ಜೊತೆ ಆಟೋ ಓಡಿಸು ಎಂದು ಜನ ತನಗೆ ಬರೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಬರೆದವರು ನಮ್ಮ ದೇಶದವರೇ, ಬಹುಶಃ ಅವರ ತಂಡದ ಅಭಿಮಾನಿಗಳೇ. ಅಲ್ಲಿ ಬಣ್ಣ, ಇಲ್ಲಿ ಕಸುಬು. ಚುಚ್ಚುವ ಜಾಗ ಮಾತ್ರ ಬೇರೆ.

ಇಷ್ಟರವರೆಗೆ ಗೆರೆ ನೇರವಾಗಿಯೇ ಕಾಣುತ್ತದೆ. ಆದರೆ ಆಟಗಾರರು ಬೇರೆ ಬೇರೆ ಭಾಷೆಗಳಿಂದ ಬಂದಾಗ ಅದು ಬಾಗುತ್ತದೆ. ಭಾಷೆಯನ್ನೇ ನೆಚ್ಚಿಕೊಂಡಿರುವ ನಮ್ಮಂಥವರಿಗೆ 2008ರ ಜನವರಿಯ ಸಿಡ್ನಿ ಟೆಸ್ಟ್ ಒಂದು ಪಠ್ಯವೇ ಸರಿ. ನಾಯಕ ಬೆಂಗಳೂರಿನ ಅನಿಲ್ ಕುಂಬ್ಳೆ. ಮೊದಲ ಇನಿಂಗ್ಸಿನಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ 109 ರನ್ ಹೊಡೆದರು, ಸಚಿನ್ ತೆಂಡೂಲ್ಕರ್ 154 ರನ್ ಗಳಿಸಿ ಔಟಾಗದೆ ಉಳಿದರು. ಮೂರನೆಯ ದಿನ ತೆಂಡೂಲ್ಕರ್ ಜೊತೆ ಆಡುತ್ತಿದ್ದ ಹರ್‌ಭಜನ್ ಸಿಂಗ್ ಅವರಿಗೂ ಆಂಡ್ರ್ಯೂ ಸೈಮಂಡ್ಸ್ ಅವರಿಗೂ ಮಾತಿಗೆ ಮಾತು ಬೆಳೆಯಿತು. ಹರ್‌ಭಜನ್ ತನ್ನನ್ನು ‘ಮಂಕಿ’ ಎಂದರೆಂಬುದು ಸೈಮಂಡ್ಸ್ ದೂರು. ಪಂದ್ಯ ರೆಫರಿ ಮೈಕ್ ಪ್ರಾಕ್ಟರ್ ಮೂರು ಟೆಸ್ಟ್‌ಗಳ ನಿಷೇಧ ವಿಧಿಸಿದರು. ಮೇಲ್ಮನವಿಯನ್ನು ಅಡಿಲೇಡಿನಲ್ಲಿ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸೆನ್ ಕೇಳಿದರು. ಹರ್‌ಭಜನ್ ಆಡಿದ್ದು ಹಿಂದಿಯಲ್ಲಿ ತಾಯಿಯನ್ನು ಹಿಡಿದು ಬೈಯುವ ಮಾತು, ಆಸ್ಟ್ರೇಲಿಯನ್ನರ ಕಿವಿಗೆ ಅದರ ಉಚ್ಚಾರ ‘ಮಂಕಿ’ ಎಂಬಂತೆ ಕೇಳಿರಬಹುದು ಎಂಬುದು ಭಾರತದ ಕಡೆಯ ವಾದ. ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ. ನಿಂದನೀಯ ಭಾಷೆ ಬಳಸಿದ ಕಡಿಮೆ ದರ್ಜೆಯ ತಪ್ಪಿಗೆ ಸಂಭಾವನೆಯ ಅರ್ಧ ದಂಡವಾಯಿತು.

ಇದರ ವೈಚಿತ್ರ್ಯವನ್ನು ನೋಡಿ. ತಾಯಿಯನ್ನು ಬೈದೆ ಎನ್ನುವುದೇ ಇಲ್ಲಿ ರಕ್ಷಣೆಯ ವಾದವಾಯಿತು! ನಮ್ಮ ಯಾವ ಊರಿನ ಪಂಚಾಯಿತಿಯೂ ಅದನ್ನು ಸಣ್ಣ ತಪ್ಪೆಂದು ಒಪ್ಪುತ್ತಿರಲಿಲ್ಲ. ಅದೇ ಪಂದ್ಯದಲ್ಲಿ ಆಸ್ಟ್ರೇಲಿಯಾದ ಬ್ರಾಡ್ ಹಾಗ್ ಅವರು ಕುಂಬ್ಳೆ ಮತ್ತು ಧೋನಿ ಅವರನ್ನು ‘ಬಾಸ್ಟರ್ಡ್ಸ್’ ಎಂದರೆಂದು ಭಾರತ ದೂರು ಕೊಟ್ಟಿತ್ತು. ಆಸ್ಟ್ರೇಲಿಯಾದಲ್ಲಿ ಗೆಳೆಯರು ಒಬ್ಬರನ್ನೊಬ್ಬರು ಸಲಿಗೆಯಿಂದ ಹಾಗೆ ಕರೆಯುವುದುಂಟು. ನಮ್ಮಲ್ಲಿ ಆ ಪದ ಹುಟ್ಟನ್ನೇ ಪ್ರಶ್ನಿಸುತ್ತದೆ. ತದ್ವಿರುದ್ಧವಾಗಿ, ತುಂಟ ಮಗುವನ್ನು ಮುದ್ದಿನಿಂದ ‘ಕೋತಿ’ ಎನ್ನುವ ನಮಗೆ, ಕಪ್ಪುವರ್ಣದ ಮನುಷ್ಯನ ಕಿವಿಯಲ್ಲಿ ಆ ಪ್ರಾಣಿಯ ಹೆಸರು ಯಾವ ಇತಿಹಾಸವನ್ನು ಹೊತ್ತು ಬರುತ್ತದೆಂಬುದು ಥಟ್ಟನೆ ಹೊಳೆಯುವುದಿಲ್ಲ. ಒಂದು ನಾಡಿನ ತೂಕದ ಕಲ್ಲು ಇನ್ನೊಂದು ನಾಡಿನಲ್ಲಿ ಬೆಂಡಾಗುತ್ತದೆ, ಬೆಂಡು ಕಲ್ಲಾಗುತ್ತದೆ.

ಹಾಗಾದರೆ ಮಾತಿನ ತೂಕವನ್ನು ನಿರ್ಧರಿಸುವವರು ಯಾರು? ಕೇಳಿದವರು ಎನ್ನುವುದು ನಮ್ಮ ನಿಲುವು. ಆಡಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ಮೈಕ್ ಕೂಡ ದಾಖಲಿಸಲಾರದು. ಆದರೆ ಇದಕ್ಕೊಂದು ಮಿತಿಯೂ ಬೇಕು. ಅರಿಯದೆ ಆಡಿದ ಮಾತಿಗೂ ಅರಿತು ಆಡಿದ ಮಾತಿಗೂ ಒಂದೇ ಶಿಕ್ಷೆಯಾಗಬಾರದು. ಅರಿವು ಯಾವಾಗ ಬಂತೆಂಬುದನ್ನು ಕೇಳಬೇಕು. ಸೈಮಂಡ್ಸ್ ವಿಷಯದಲ್ಲಿ ಹಿಂದಿನ ಅಕ್ಟೋಬರ್‌ನಲ್ಲಿಯೇ ವಡೋದರಾ ಮತ್ತು ಮುಂಬಯಿಯ ಪ್ರೇಕ್ಷಕರು ಕೋತಿಯಂತೆ ಕೂಗಿ ಅವರನ್ನು ಅವಮಾನಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಆ ಪದದ ತೂಕ ಭಾರತೀಯ ಕ್ರಿಕೆಟ್ಟಿಗೆ ಆ ವೇಳೆಗೆ ಗೊತ್ತಾಗಿತ್ತು. ಹರ್‌ಭಜನ್ ಅದನ್ನು ಆಡಿದರೋ ಇಲ್ಲವೋ ಎಂಬುದರ ತೀರ್ಪು ಬಂದಾಗಿದೆ. ಆದರೆ ನಮಗೆ ಗೊತ್ತಿರಲಿಲ್ಲ ಎನ್ನುವ ವಾದಕ್ಕೆ ಅವಕಾಶ ಉಳಿದಿರಲಿಲ್ಲ. ಹಾಗ್ ಅವರ ವಿಷಯದಲ್ಲಿ ಕುಂಬ್ಳೆ ಮಾಡಿದ್ದು ಇದರ ಇನ್ನೊಂದು ಮುಖ. ತನ್ನ ಮಾತು ಭಾರತೀಯರಿಗೆ ಎಷ್ಟು ನೋವು ತಂದಿತೆಂಬುದು ಹಾಗ್ ಅವರಿಗೆ ತಿಳಿಯಿತು; ಪರ್ತ್‌ನಲ್ಲಿ ವಿಚಾರಣೆಯ ವೇಳೆ ಕುಂಬ್ಳೆ ದೂರನ್ನು ಹಿಂತೆಗೆದುಕೊಂಡರು. ಒಂದು ತಂಡ ಮಾತ್ರ ಆಟದ ಘನತೆಗೆ ತಕ್ಕಂತೆ ಆಡಿತು ಎಂದು ಸಿಡ್ನಿಯಲ್ಲಿ ಕಟುವಾಗಿ ನುಡಿದಿದ್ದ ಅದೇ ನಾಯಕ ಎರಡು ವಾರವೂ ಕಳೆಯುವ ಮೊದಲು ತೋರಿದ ಔದಾರ್ಯ ಇದು.

ಎದುರಾಳಿಗೆ ಅರ್ಥವಾಗದ ಭಾಷೆಯಲ್ಲಿ ಬೈದರೆ ಆಗುವ ನಷ್ಟವೇನು ಎಂದು ಕೇಳುವವರೂ ಇದ್ದಾರೆ. 2019ರ ಜನವರಿಯಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ದಕ್ಷಿಣ ಆಫ್ರಿಕಾದ ಆ್ಯಂಡಿಲೆ ಫೆಹ್ಲುಕ್ವಾಯೊ ಅವರ ಬಣ್ಣವನ್ನೂ ತಾಯಿಯನ್ನೂ ಎಳೆದು ಉರ್ದುವಿನಲ್ಲಿ ಆಡಿದ ಮಾತು ಸ್ಟಂಪ್ ಮೈಕ್‌ನಲ್ಲಿ ಕೇಳಿಸಿತು. ಬ್ಯಾಟ್ಸ್‌ಮನ್‌ಗೆ ಉರ್ದು ಬರುತ್ತಿರಲಿಲ್ಲ. ಆದರೆ ಟಿವಿಯ ಮುಂದೆ ಕುಳಿತಿದ್ದ ಕೋಟ್ಯಂತರ ಜನರಿಗೆ ಬರುತ್ತಿತ್ತು. ದಖನಿಯ ನಡುವೆ ಬದುಕುವ ನಮಗೂ ಅನುವಾದಕರ ಅಗತ್ಯ ಬೀಳಲಿಲ್ಲ. ಸರ್ಫರಾಜ್ ಕ್ಷಮೆ ಕೇಳಿದರು. ನಾಲ್ಕು ಪಂದ್ಯಗಳ ನಿಷೇಧವನ್ನೂ ಅನುಭವಿಸಿದರು. ಅರ್ಥವಾಗದ ಭಾಷೆಯ ಬೈಗುಳ ಬ್ಯಾಟ್ಸ್‌ಮನ್‌ನನ್ನು ಅಲುಗಾಡಿಸಲಾರದು. ಆದ್ದರಿಂದ ಅದನ್ನು ಆಟದ ತಂತ್ರವೆಂದು ಸಮರ್ಥಿಸಿಕೊಳ್ಳುವಂತೆಯೂ ಇಲ್ಲ. ಅದು ಬೈಯುವವನ ಒಳಗನ್ನು ತೋರಿಸುತ್ತದೆ, ಅಷ್ಟೇ.

ಮೈಕ್ ಇರುವಲ್ಲಿ ಇಷ್ಟಾದರೂ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಹೈದರಾಬಾದಿನ ಯಾವ ಬಯಲಿಗೆ ಹೋದರೂ ಟೆನಿಸ್ ಚೆಂಡಿನ ನಾಲ್ಕಾರು ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿರುತ್ತವೆ. ‘ಕ್ಯಾ ಮಿಯಾ, ಬಲ್ಲಾ ಲಾಯೇ ಕಿ ಛತ್ರೀ ಲಾಯೇ?’ ಎಂದು ಕೀಪರ್ ಕೇಳುತ್ತಾನೆ. ಬ್ಯಾಟ್ ತಂದೆಯೋ ಕೊಡೆ ತಂದೆಯೋ ಎಂಬ ಆ ಪ್ರಶ್ನೆಗೆ ಬ್ಯಾಟ್ಸ್‌ಮನ್ ಸೇರಿ ಎಲ್ಲರೂ ನಗುತ್ತಾರೆ. ಅದೇ ಬಾಯಿಂದ ಹತ್ತು ನಿಮಿಷದ ನಂತರ ಒಬ್ಬನ ತಂದೆಯ ಕಸುಬು, ಇನ್ನೊಬ್ಬನ ಬಣ್ಣ, ಮತ್ತೊಬ್ಬನ ಮನೆಮಾತು ಹೊರಬರುತ್ತದೆ. ಬದಲಾವಣೆಯನ್ನು ಗುರುತಿಸುವುದು ಕಷ್ಟವಲ್ಲ. ನಗುವವರ ಸಂಖ್ಯೆ ಕಡಿಮೆಯಾಗುತ್ತದೆ, ಮಾತು ಓವರಿನಿಂದ ಓವರಿಗೆ ಅದನ್ನೇ ಸುತ್ತುತ್ತದೆ, ಗುರಿಯಾದ ಹುಡುಗ ಮರುಮಾತು ಆಡುವುದನ್ನು ನಿಲ್ಲಿಸುತ್ತಾನೆ. ಮುಂದಿನ ವಾರ ಅವನು ಬರುವುದಿಲ್ಲ. ಅಲ್ಲಿ ರೆಫರಿಯಿಲ್ಲ, ವಿಧಿ 2.5 ಇಲ್ಲ, ಇರುವುದು ಎರಡು ತಂಡಗಳ ನಾಯಕರು ಮತ್ತು ಬದಿಯಲ್ಲಿ ಕುಳಿತ ನಮ್ಮಂಥ ಹಿರಿಯರು. ಸಿಡ್ನಿಯಲ್ಲಿ ರಹಾನೆ ಮಾಡಿದ್ದನ್ನು ಅಲ್ಲಿಯೂ ಮಾಡಬಹುದು: ಆಟ ನಿಲ್ಲಿಸುವುದು. ಅದೂ ಬೈಸಿಕೊಂಡವನ ನಾಯಕನಿಗಿಂತ ಮೊದಲು ಬೈದವನ ನಾಯಕ ನಿಲ್ಲಿಸಬೇಕು. ತನ್ನ ಬೌಲರನ್ನು ತಾನೇ ಕರೆದು ಬೌಂಡರಿಯಾಚೆ ಕೂರಿಸುವ ನಾಯಕನ ಮಾತು ಯಾವ ದಂಡಕ್ಕಿಂತಲೂ ಬೇಗ ನಾಟುತ್ತದೆ.

ಮತ್ತೆ ಮಹಾಭಾರತಕ್ಕೇ ಬರುತ್ತೇವೆ. ಸರೋವರದ ದಂಡೆಯಲ್ಲಿ ನಿಂತು ಮೂದಲಿಸಿದ ಭೀಮನನ್ನು ಯಾರೂ ತಡೆಯಲಿಲ್ಲ. ಆದರೆ ವ್ಯಾಸಭಾರತದಲ್ಲಿ, ತೊಡೆ ಮುರಿದು ನೆಲಕ್ಕೆ ಬಿದ್ದ ದುರ್ಯೋಧನನ ತಲೆಯನ್ನು ಅದೇ ಭೀಮ ಕಾಲಿನಿಂದ ಒದ್ದಾಗ ‘ಸಾಕು’ ಎಂದವನು ಶತ್ರುಪಕ್ಷದವನಲ್ಲ, ಅಣ್ಣ ಧರ್ಮರಾಯ. ಗೆದ್ದವರ ಕಡೆಯಿಂದಲೇ ಆ ಮಾತು ಬರಬೇಕಾಗಿತ್ತು, ಬಂತು. 1996ರ ಆ ಸಂಜೆ ಚಿನ್ನಸ್ವಾಮಿಯಲ್ಲಿ ಕುಣಿದ ನಾವು ಇನ್ನು ಮುಂದೆ ಆಫ್ ಸ್ಟಂಪ್ ಹಾರಿದ ಎಸೆತದವರೆಗೆ ಮಾತ್ರ ಆ ದೃಶ್ಯವನ್ನು ಮಕ್ಕಳಿಗೆ ತೋರಿಸೋಣವೆಂದುಕೊಂಡಿದ್ದೇವೆ.